ಕೈಸಾಲದ ಚೀಟಿಗೆ ಇಬ್ಬರ ಸಹಿ

ಗೆಳೆಯನಿಗೆ ದುಡ್ಡು ಕೊಡುವಾಗ ಕಾಗದ ಕೇಳಲು ನಾಲಿಗೆ ಏಳುವುದಿಲ್ಲ. ಪಡೆಯುವವನಿಗೂ 'ಬರೆದುಕೊಡುತ್ತೇನೆ' ಎನ್ನಲು ಸಂಕೋಚ. ಜಗಳ ಹುಟ್ಟುವುದು ಕೊಟ್ಟ ದಿನ ಅಲ್ಲ. ಒಂದಷ್ಟು ಕಂತು ಸಂದ ಮೇಲೆ, ಎಷ್ಟು ಸಂದಿದೆ ಎಂಬ ಲೆಕ್ಕ ಇಬ್ಬರ ತಲೆಯಲ್ಲೂ ಬೇರೆ ಬೇರೆಯಾಗಿ ಉಳಿದಾಗ ಅದು ಹುಟ್ಟುತ್ತದೆ. ಆದ್ದರಿಂದ ಚೀಟಿಯಲ್ಲಿ ಮೊತ್ತಕ್ಕೆ ಎಷ್ಟು ಗಮನ ಕೊಡುತ್ತೇವೋ ಕಂತು ಬರೆಯುವ ರೀತಿಗೂ ಅಷ್ಟೇ ಗಮನ ಕೊಡಬೇಕು.

ಒಂದು ಲೆಕ್ಕ ಇಟ್ಟುಕೊಂಡು ನೋಡೋಣ. ಒಬ್ಬರು ಹೈಸ್ಕೂಲು ಮೇಷ್ಟ್ರು, ಇನ್ನೊಬ್ಬರು ಬಟ್ಟೆ ಅಂಗಡಿಯವರು. ಬಾಲ್ಯದ ಗೆಳೆಯರು. ಮೇಷ್ಟ್ರು 2024ರ ಜೂನ್ 10ರಂದು ಬ್ಯಾಂಕ್ ಖಾತೆಯಿಂದ 1,20,000 ರೂಪಾಯಿ ಕೊಟ್ಟರು. ಆಗ ಬರಹವೂ ಇಲ್ಲ, ವಾಪಸು ಕೊಡುವ ತಾರೀಕೂ ಇಲ್ಲ. ಒಂದೂವರೆ ವರ್ಷ ಕಳೆದರೂ ಹಣ ಬರಲಿಲ್ಲ. 2026ರ ಜನವರಿ 5ರಂದು ಅಂಗಡಿಯವರೇ, "ಬಾರೋ, ಬರೆದುಕೊಡ್ತೀನಿ, ನನ್ನ ಹೆಂಡ್ತಿಗೂ ಗೊತ್ತಿರಲಿ" ಎಂದು ಕೂತರು. ಬರೆದದ್ದು ಇಷ್ಟು:

"ನಾನು ತಮ್ಮಿಂದ 10-06-2024ರಂದು ಬ್ಯಾಂಕ್ ಖಾತೆ ಮೂಲಕ ಪಡೆದ ಕೈಸಾಲದ ಬಾಬ್ತು ರೂ. 1,20,000 (ಒಂದು ಲಕ್ಷದ ಇಪ್ಪತ್ತು ಸಾವಿರ ರೂಪಾಯಿ ಮಾತ್ರ) ಈ ದಿನ ತಮಗೆ ಬಾಕಿ ಇರುತ್ತದೆ ಎಂದು ಒಪ್ಪಿರುತ್ತೇನೆ. ಇದಕ್ಕೆ ಬಡ್ಡಿ ಇರುವುದಿಲ್ಲ. ಸದರಿ ಮೊತ್ತವನ್ನು ತಿಂಗಳಿಗೆ ರೂ. 12,000ದಂತೆ 10 ಕಂತುಗಳಲ್ಲಿ, 2026ರ ಫೆಬ್ರವರಿಯಿಂದ ಪ್ರತಿ ತಿಂಗಳ 5ನೇ ತಾರೀಕಿನೊಳಗೆ ಕೊಟ್ಟು, 05-11-2026ರೊಳಗೆ ಪೂರ್ತಿ ತೀರಿಸುತ್ತೇನೆ."

ಕೆಳಗೆ ಸಾಲಗಾರರ ಸಹಿ, ತಾರೀಕು, ಊರು, ಇಬ್ಬರು ಸಾಕ್ಷಿಗಳ ಹೆಸರು ಮತ್ತು ವಿಳಾಸ. ಬೇರೆಯವರು ಬರೆದುಕೊಟ್ಟಿದ್ದರೆ ಅವರ ಬಿಕ್ಕಲಂ.

ಇಲ್ಲಿ ಎರಡು ಮಾತುಗಳಿಗೆ ಎರಡು ಕೆಲಸವಿದೆ. 'ಬಾಕಿ ಇರುತ್ತದೆ' ಎಂಬುದು ಒಪ್ಪಿಗೆ, 'ತೀರಿಸುತ್ತೇನೆ' ಎಂಬುದು ವಾಗ್ದಾನ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ, ತಾರೀಕು ಗೊತ್ತುಮಾಡದೆ ಕೊಟ್ಟ ಕೈಸಾಲಕ್ಕೆ ದಾವೆ ಹೂಡಲು ಕೊಟ್ಟ ದಿನದಿಂದ ಮೂರು ವರ್ಷ ಅವಕಾಶ. ನಮ್ಮ ಲೆಕ್ಕದಲ್ಲಿ ಅದು 2027ರ ಜೂನ್ 10ಕ್ಕೆ ಮುಗಿಯಬೇಕಿತ್ತು. ಆದರೆ ಆ ಅವಧಿ ಮುಗಿಯುವ ಮೊದಲೇ ಸಾಲಗಾರ ಬಾಕಿಯನ್ನು ಒಪ್ಪಿ ಸಹಿ ಹಾಕಿದರೆ, 18ನೇ ಸೆಕ್ಷನ್ ಪ್ರಕಾರ ಸಹಿಯ ದಿನದಿಂದ ಮೂರು ವರ್ಷ ಹೊಸದಾಗಿ ಶುರುವಾಗುತ್ತದೆ. ಹಾಗೆ ಜನವರಿ 5ರ ಸಹಿಯಿಂದ ಮೇಷ್ಟ್ರಿಗೆ 2029ರ ಜನವರಿಯವರೆಗೆ ಕಾಲ ಸಿಕ್ಕಿತು.

ಆ ಮೂರು ವರ್ಷ ಆಗಲೇ ದಾಟಿದ್ದರೆ ಬರೀ 'ಬಾಕಿ ಇದೆ' ಎಂಬ ಒಪ್ಪಿಗೆಯಿಂದ ಏನೂ ಆಗುವುದಿಲ್ಲ. ಅಂಥ ಹಳೆಯ ಸಾಲ ಮತ್ತೆ ವಸೂಲಿಗೆ ಬರಬೇಕಾದರೆ 'ಕೊಡುತ್ತೇನೆ' ಎಂದು ಸ್ಪಷ್ಟವಾಗಿ ಬರೆದು ಸಹಿ ಮಾಡಿರಬೇಕು. ಕರಾರು ಕಾಯ್ದೆಯ 25(3)ನೇ ಸೆಕ್ಷನ್ ಹೇಳುವುದು ಇದನ್ನೇ. ಆದ್ದರಿಂದ ಎರಡು ಮಾತೂ ಚೀಟಿಯಲ್ಲಿರಲಿ.

ವಾಗ್ದಾನ, ಕಂತು, ಸಾಕ್ಷಿ ಎಲ್ಲ ಸೇರಿದಾಗ ಅದು ಬರೀ ಚೀಟಿಯಾಗಿ ಉಳಿಯುವುದಿಲ್ಲ. ಅದನ್ನು ತಕ್ಕ ಬೆಲೆಯ ಛಾಪಾ ಕಾಗದದ ಮೇಲೆ ಬರೆಯಬೇಕು. ಶುಲ್ಕ ಎಷ್ಟೆಂದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೋ ವಕೀಲರ ಬಳಿಯೋ ಮೊದಲೇ ಕೇಳಿಕೊಳ್ಳಿ. ಶುಲ್ಕ ಕಡಿಮೆಯಾದ ಪತ್ರವನ್ನು ಕೋರ್ಟು ಬಾಕಿ ಶುಲ್ಕ ಮತ್ತು ದಂಡ ಕಟ್ಟಿಸಿಕೊಂಡ ಮೇಲಷ್ಟೇ ಸಾಕ್ಷ್ಯವಾಗಿ ಸ್ವೀಕರಿಸುತ್ತದೆ. ಸ್ಟಾಂಪು ಸರಿಯಿಲ್ಲದ ಪ್ರಾಮಿಸರಿ ನೋಟಿಗಂತೂ ದಂಡ ಕಟ್ಟಿ ಸರಿಪಡಿಸಿಕೊಳ್ಳುವ ದಾರಿಯೂ ಇಲ್ಲ.

ಇನ್ನು ಕಂತಿನ ಮಾತು. ಹೆಚ್ಚಿನವರು ತಪ್ಪುವುದು ಇಲ್ಲೇ. ಕಂತು ಬಂದಾಗ ಸಾಲ ಕೊಟ್ಟವರು ಪತ್ರದ ಹಿಂದೆ '12,000 ಬಂದಿದೆ' ಎಂದು ಬರೆದು ತಾವೊಬ್ಬರೇ ಸಹಿ ಹಾಕುತ್ತಾರೆ. ಇದರಿಂದ ಸಾಲಗಾರನಿಗೆ ರಸೀದಿ ಸಿಕ್ಕಂತಾಯಿತು, ಅದು ಬೇಕಾದದ್ದೇ. ಆದರೆ ಕಂತು ಸಂದ ದಿನದಿಂದ ಮತ್ತೆ ಮೂರು ವರ್ಷ ಸಿಗಬೇಕಾದರೆ, ಕಾಲಮಿತಿ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಆ ಪಾವತಿಯ ಬರಹ ಹಣ ಕೊಟ್ಟವನ ಕೈಬರಹದಲ್ಲಿರಬೇಕು, ಇಲ್ಲವೇ ಅವನ ಸಹಿ ಇರಬೇಕು. ಹಣ ಪಡೆದವರ ಸಹಿ ಇದಕ್ಕೆ ಸಾಲದು. ಒಬ್ಬರ ಸಹಿ ಸಾಲಗಾರನನ್ನು ಕಾಯುತ್ತದೆ, ಇನ್ನೊಬ್ಬರದು ಸಾಲ ಕೊಟ್ಟವರನ್ನು. ಹಾಗಾಗಿ ಪ್ರತಿ ಷರಾಕ್ಕೂ ಇಬ್ಬರೂ ಸಹಿ ಹಾಕಬೇಕು.

ನಮ್ಮ ಗೆಳೆಯರು ಪತ್ರದ ಹಿಂಬದಿಯಲ್ಲಿ ಗೆರೆ ಎಳೆದು ಮನೆಗಳನ್ನು ಮಾಡಿಕೊಂಡರು. ಏಪ್ರಿಲ್ ಕಂತು ಎರಡು ದಿನ ತಡವಾಯಿತು. ಆ ಸಾಲಿನಲ್ಲಿ ಅಂಗಡಿಯವರು ತಮ್ಮ ಕೈಯಲ್ಲೇ ಬರೆದದ್ದು: "3ನೇ ಕಂತು, 07-04-2026, ರೂ. 12,000, ಯುಪಿಐ, ಉಳಿದ ಬಾಕಿ ರೂ. 84,000." ಪಕ್ಕದಲ್ಲಿ ಇಬ್ಬರ ಸಹಿ. 'ಉಳಿದ ಬಾಕಿ' ಎಂಬ ಮನೆಯನ್ನು ಯಾರೂ ಬಿಡಬಾರದು. ಸಂದದ್ದನ್ನಷ್ಟೇ ಬರೆದರೆ ಯಾವುದೋ ಒಂದು ತಿಂಗಳು ಬಿಟ್ಟುಹೋದದ್ದು ಕಣ್ಣಿಗೆ ಬೀಳುವುದಿಲ್ಲ. ಬಾಕಿ ಬರೆಯುತ್ತ ಬಂದರೆ ತಪ್ಪು ಮುಂದಿನ ಸಾಲಿನಲ್ಲೇ ಸಿಕ್ಕಿಬೀಳುತ್ತದೆ.

ಯುಪಿಐ ದಾಖಲೆ ಇದೆಯಲ್ಲ, ಮತ್ತೆ ಬರೆಯುವುದೇಕೆ ಎಂದು ಕೇಳಬಹುದು. ಹಣ ಹೋದದ್ದು ಬ್ಯಾಂಕಿನ ಲೆಕ್ಕದಲ್ಲಿ ಕಾಣುತ್ತದೆ, ಯಾವ ಬಾಬ್ತು ಹೋಯಿತೆಂಬುದು ಕಾಣುವುದಿಲ್ಲ. ಗೆಳೆಯರ ನಡುವೆ ಚೀಟಿ ಹಣ, ಪ್ರವಾಸದ ಖರ್ಚು, ಮದುವೆಯ ಮುಯ್ಯಿ ಎಲ್ಲ ಓಡಾಡುತ್ತಿರುತ್ತದೆ. 'ಅದು ಚೀಟಿ ದುಡ್ಡು, ಕಂತಲ್ಲ' ಎಂಬ ಮಾತು ಬರುವುದು ಆಗಲೇ. ಹಣ ಕಳಿಸುವಾಗಲೇ 'ಕೈಸಾಲದ 3ನೇ ಕಂತು' ಎಂದು ಟಿಪ್ಪಣಿ ಹಾಕಿ, ಭೇಟಿಯಾದಾಗ ಪತ್ರದಲ್ಲೂ ಬರೆಯಿರಿ.

ನಗದಾಗಿ ಮಾತ್ರ ಕೊಡಬೇಡಿ. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವಂತಿಲ್ಲ, ನಗದಾಗಿ ತೀರಿಸುವಂತಿಲ್ಲ ಎಂದು ಆದಾಯ ತೆರಿಗೆ ಕಾನೂನು ಹೇಳುತ್ತದೆ. ಕಂತು 12,000 ತಾನೇ ಎಂದುಕೊಳ್ಳಬೇಡಿ, ಅಲ್ಲಿ ನೋಡುವುದು ಒಟ್ಟು ಸಾಲವನ್ನು. ತಕ್ಕ ಕಾರಣ ತೋರಿಸಲಾಗದಿದ್ದರೆ ನಗದಾಗಿ ಕೊಟ್ಟ ಮೊತ್ತದಷ್ಟೇ ದಂಡ ಬೀಳಬಹುದು, ಅದೂ ಸಾಲ ತೀರಿಸಿದವನ ಮೇಲೆ.

ಭದ್ರತೆಗೆಂದು ಚೆಕ್ ಕೊಟ್ಟಿದ್ದರೆ ಅದರ ನಂಬರನ್ನು ಪತ್ರದಲ್ಲಿ ಬರೆಯಿರಿ. ಒಂದಷ್ಟು ಕಂತು ಸಂದ ಮೇಲೂ ಪೂರ್ತಿ ಮೊತ್ತದ ಚೆಕ್ಕನ್ನೇ ಬ್ಯಾಂಕಿಗೆ ಹಾಕಿದರೆ, ಸಂದದ್ದನ್ನು ಚೆಕ್ಕಿನ ಮೇಲೆ ನಮೂದಿಸದಿದ್ದ ಪಕ್ಷದಲ್ಲಿ, ಚೆಕ್ ಬೌನ್ಸ್ ಅಪರಾಧ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಅಲ್ಲೂ ಮುಖ್ಯವಾದದ್ದು ಸಂದ ಕಂತಿನ ಬರಹವೇ.

ಮೂಲ ಪತ್ರ ಸಾಲ ಕೊಟ್ಟವರ ಹತ್ತಿರ ಇರುತ್ತದೆ. ಹಾಗಾಗಿ ಪ್ರತಿ ಷರಾ ಬಿದ್ದ ಕೂಡಲೇ ಸಾಲಗಾರ ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಲಿ. ಇಬ್ಬರೂ ಮನೆಯಲ್ಲಿ ಒಬ್ಬರಿಗಾದರೂ ಪತ್ರ ಎಲ್ಲಿದೆ ಎಂದು ಹೇಳಿರಲಿ. ಇಬ್ಬರಲ್ಲಿ ಒಬ್ಬರು ಇಲ್ಲವಾದ ದಿನ ಲೆಕ್ಕ ಕೇಳಲು ಬರುವವರು ಹೆಂಡತಿ ಮಕ್ಕಳು. ಇವರಿಬ್ಬರ ನಡುವಿನ ಮಾತು ಅವರ ಕಿವಿಗೆ ಬಿದ್ದಿರುವುದಿಲ್ಲ. ಕೊನೆಯ ಕಂತು ಸಂದ ದಿನ 'ಪೂರ್ತಿ ಚುಕ್ತಾ ಆಗಿದೆ, ಇನ್ನೇನೂ ಬಾಕಿ ಇಲ್ಲ' ಎಂದು ಸಾಲ ಕೊಟ್ಟವರು ಬರೆದು, ತಾರೀಕು ಹಾಕಿ, ಸಹಿ ಮಾಡಿ, ಮೂಲ ಪತ್ರವನ್ನೂ ಚೆಕ್ಕನ್ನೂ ವಾಪಸು ಕೊಡಬೇಕು. ಸಾಲಗಾರರೇ, ಆ ಪತ್ರವನ್ನು ಹರಿದು ಹಾಕಬೇಡಿ, ಜೋಪಾನವಾಗಿ ತೆಗೆದಿಡಿ.