ಗೋಮಾಳ ಒತ್ತುವರಿ: ಪಂಚಾಯಿತಿಗೆ ಮನವಿ ಕೊಟ್ಟರೆ ಸಾಕೇ? ದನಗಳ ಲೆಕ್ಕ ಏಕೆ ಮುಖ್ಯ?

ಊರಿನ ಗೋಮಾಳಕ್ಕೆ ಬೇಲಿ ಬಿದ್ದಿದೆ, ದನ ಮೇಯಿಸಲು ಜಾಗವಿಲ್ಲ, ತೆರವು ಮಾಡಿಸಿ ಎಂದು ಹೈನುಗಾರರು, ಕುರಿಗಾಹಿಗಳು ಗ್ರಾಮ ಪಂಚಾಯಿತಿಗೆ ಮನವಿ ಸಲ್ಲಿಸುವುದು ಕರ್ನಾಟಕದ ಹಳ್ಳಿಗಳಲ್ಲಿ ಹೊಸದೇನಲ್ಲ. ಪಿಡಿಒ ಮನವಿ ಪಡೆಯುತ್ತಾರೆ, ಫೋಟೊ ತೆಗೆಸಿಕೊಳ್ಳುವುದೂ ಆಗುತ್ತದೆ. ಆಮೇಲೆ ಕಡತ ಮುಂದಕ್ಕೆ ಹೋಗುವುದಿಲ್ಲ. ಹೀಗಾಗಲು ಒಂದು ಕಾರಣ, ಜಮೀನಿನ ಮಾಲೀಕತ್ವ ಯಾರದು ಎಂಬ ಗೊಂದಲ.

ಕರ್ನಾಟಕದಲ್ಲಿ ಗೋಮಾಳ ಪಂಚಾಯಿತಿಯ ಆಸ್ತಿಯಲ್ಲ, ಅದು ಸರ್ಕಾರಿ ಜಮೀನು. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ ಸೆಕ್ಷನ್ 71ರ ಪ್ರಕಾರ ಅದನ್ನು ಉಚಿತ ಮೇವಿಗಾಗಿ ಕಾಯ್ದಿರಿಸಲಾಗುತ್ತದೆ. ಅಲ್ಲಿ ಮೇಯಿಸುವ ಹಕ್ಕು ಆ ಊರಿನ ಜಾನುವಾರುಗಳಿಗಿದೆ ಎನ್ನುತ್ತದೆ ಸೆಕ್ಷನ್ 72. ಅಕ್ರಮವಾಗಿ ಕೂತವರನ್ನು ಎಬ್ಬಿಸುವ ಅಧಿಕಾರ ಕಂದಾಯ ಇಲಾಖೆಯದ್ದು. ಪಂಚಾಯಿತಿ ನಿರ್ಣಯ ಮಾಡಿ ಕಳುಹಿಸಬಹುದು, ಒತ್ತಡ ತರಬಹುದು. ಆದ್ದರಿಂದ ಅದೇ ಮನವಿಯ ಪ್ರತಿಯನ್ನು ತಹಶೀಲ್ದಾರ್ ಮತ್ತು ಜಿಲ್ಲಾಧಿಕಾರಿ ಕಚೇರಿಗೂ ಕೊಟ್ಟು, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಬೇಕು.

ಇನ್ನು ಮನವಿಯಲ್ಲಿ ಏನಿರಬೇಕು? ಸರ್ವೆ ನಂಬರ್, ಪಹಣಿ, ಗ್ರಾಮ ನಕ್ಷೆ ಬೇಕೆಂಬುದು ಎಲ್ಲರಿಗೂ ಗೊತ್ತು. ಹೆಚ್ಚಿನ ಮನವಿಗಳಲ್ಲಿ ಬಿಟ್ಟುಹೋಗುವುದು ದನಗಳ ಲೆಕ್ಕ. ಪ್ರಕರಣದ ಅರ್ಧ ಭಾಗ ನಿಂತಿರುವುದು ಇದರ ಮೇಲೆಯೇ.

ಕರ್ನಾಟಕ ಭೂಕಂದಾಯ ನಿಯಮಗಳು, 1966ರ ನಿಯಮ 97 ಹೇಳುವಂತೆ, ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು. ಇದಕ್ಕಿಂತ ಜಾಸ್ತಿ ಇದ್ದರೆ ಅದು 'ಹೆಚ್ಚುವರಿ ಗೋಮಾಳ'. ಬಗರ್‌ಹುಕುಂ ಅರ್ಜಿದಾರರಿಗೆ ಮಂಜೂರು ಮಾಡುವ ಪ್ರಶ್ನೆ ಬಂದಾಗ ಅಧಿಕಾರಿಗಳು ಮೊದಲು ನೋಡುವುದೇ ಹೆಚ್ಚುವರಿ ಎಷ್ಟಿದೆ ಎಂದು.

ಒಂದು ಉದಾಹರಣೆ ನೋಡೋಣ. ಒಂದು ಊರಲ್ಲಿ 400 ಜಾನುವಾರುಗಳಿವೆ, ಪಹಣಿಯಲ್ಲಿ 150 ಎಕರೆ ಗೋಮಾಳವಿದೆ, ಅದರಲ್ಲಿ 50 ಎಕರೆ ಒತ್ತುವರಿಯಾಗಿದೆ ಎಂದಿಟ್ಟುಕೊಳ್ಳಿ. ಊರಿಗೆ ಬೇಕಾದದ್ದು ಸುಮಾರು 120 ಎಕರೆ. ಹೆಚ್ಚುವರಿ ಬರೀ 30 ಎಕರೆ. ಹಾಗಾಗಿ ಒತ್ತುವರಿಯಾದ 50 ಎಕರೆಯಲ್ಲಿ 20 ಎಕರೆಯನ್ನಾದರೂ ದನಗಳಿಗೆ ಬಿಡಲೇಬೇಕು. ಅದೇ ಕಡತದಲ್ಲಿ ಜಾನುವಾರು ಸಂಖ್ಯೆ 300 ಎಂದು ದಾಖಲಾದರೆ? ಅಗತ್ಯ 90 ಎಕರೆಗೆ ಇಳಿಯುತ್ತದೆ, ಹೆಚ್ಚುವರಿ 60 ಎಕರೆಗೆ ಏರುತ್ತದೆ. ಆಗ ಒತ್ತುವರಿಯಾದ ಅಷ್ಟೂ ಜಮೀನನ್ನು ಮಂಜೂರು ಮಾಡಲು ದಾರಿ ತೆರೆಯುತ್ತದೆ. ಕಾಗದದ ಮೇಲೆ 100 ದನ ಕಡಿಮೆಯಾದದ್ದಕ್ಕೆ ಊರು ಹೆಚ್ಚುವರಿಯಾಗಿ ಕಳೆದುಕೊಳ್ಳುವುದು 20 ಎಕರೆ ಹುಲ್ಲುಗಾವಲು.

ಆದ್ದರಿಂದ ಪಶು ಆಸ್ಪತ್ರೆಯಲ್ಲಿರುವ ಊರಿನ ಜಾನುವಾರು ಗಣತಿಯ ಅಂಕಿಅಂಶ ಪಡೆದು ಮನವಿಗೆ ಲಗತ್ತಿಸುವುದು ಒಳ್ಳೆಯದು. ಗಣತಿ ಹಳೆಯದಾಗಿದ್ದರೆ ಮನೆವಾರು ಪಟ್ಟಿ ಮಾಡಿ, ಪರಿಶೀಲಿಸುವಂತೆ ಕೋರಬಹುದು. ಜೊತೆಗೆ ಸರ್ವೆ ಮಾಡಿಸಿ ಗಡಿ ಗುರುತಿಸುವಂತೆ ಕೇಳಬೇಕು. ಗಡಿಯೇ ಗೊತ್ತಿಲ್ಲದೆ ಒತ್ತುವರಿ ಎಷ್ಟು ಎಂದು ಸಾಬೀತುಪಡಿಸಲಾಗದು.

ಪಂಚಾಯಿತಿಯೇ ಒತ್ತುವರಿದಾರರ ಪರ ನಿಂತರೆ ಏನು ಗತಿ? ಪಂಜಾಬ್‌ನ ಪಟಿಯಾಲ ಜಿಲ್ಲೆಯ ರೋಹರ್ ಜಾಗೀರ್ ಗ್ರಾಮದಲ್ಲಿ ಆಗಿದ್ದು ಅದೇ. ಅಲ್ಲಿ ಊರಿನ ಕೆರೆಯ ಜಾಗಕ್ಕೆ ಮಣ್ಣು ತುಂಬಿ ಮನೆ ಕಟ್ಟಿಕೊಂಡಿದ್ದರು. ಮನೆಗೆ ಹಣ ಖರ್ಚಾಗಿದೆ, ತೆರವು ಬೇಡ, ಜಮೀನಿನ ಬೆಲೆ ವಸೂಲಿ ಮಾಡಿ ಎಂದು ಕಲೆಕ್ಟರ್ ಆದೇಶಿಸಿದ್ದರು. ಮೇಲ್ಮನವಿಯಲ್ಲಿ ಆಯುಕ್ತರು ಅದನ್ನು ರದ್ದುಪಡಿಸಿದರು. ಪಂಚಾಯಿತಿ ಒತ್ತುವರಿದಾರರೊಂದಿಗೆ ಶಾಮೀಲಾಗಿದೆ ಎಂದೂ ಹೇಳಿದರು. ಜಗಪಾಲ್ ಸಿಂಗ್ ಪ್ರಕರಣ ಎಂದು ಹೆಸರಾದ ಇದು ಸುಪ್ರೀಂ ಕೋರ್ಟ್‌ಗೆ ಹೋಯಿತು. 2011ರ ಜನವರಿ 28ರಂದು ಒತ್ತುವರಿದಾರರ ಮೇಲ್ಮನವಿ ವಜಾ ಆಯಿತು.

ಎಷ್ಟೋ ವರ್ಷಗಳಿಂದ ಇದ್ದೇವೆ, ಕಟ್ಟಡಕ್ಕೆ ದುಡ್ಡು ಸುರಿದಿದ್ದೇವೆ ಎಂಬುದು ಸಕ್ರಮಕ್ಕೆ ಕಾರಣವಾಗದು ಎಂದ ನ್ಯಾಯಾಲಯ, ಗ್ರಾಮದ ಸಾಮೂಹಿಕ ಜಮೀನಿನ ಒತ್ತುವರಿ ತೆರವಿಗೆ ಯೋಜನೆ ರೂಪಿಸುವಂತೆ ಎಲ್ಲ ರಾಜ್ಯಗಳಿಗೂ ಸೂಚಿಸಿತು. ಈ ತೀರ್ಪನ್ನು ಮನವಿಯಲ್ಲಿ ಉಲ್ಲೇಖಿಸಬಹುದು.

ಆದರೆ ತೀರ್ಪಿನಲ್ಲೇ ವಿನಾಯಿತಿ ಇದೆ. ಸರ್ಕಾರದ ಅಧಿಸೂಚನೆಯಡಿ ಭೂರಹಿತ ಕಾರ್ಮಿಕರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಕೊಟ್ಟ ಜಮೀನು, ಈಗಾಗಲೇ ಶಾಲೆ, ಔಷಧಾಲಯದಂಥ ಸೌಲಭ್ಯ ಇರುವ ಜಾಗಗಳಲ್ಲಿ ಸಕ್ರಮಕ್ಕೆ ಅವಕಾಶವಿದೆ. ಗೋಮಾಳದಲ್ಲಿ ಒಂದೆರಡು ಎಕರೆ ರಾಗಿ ಬಿತ್ತಿಕೊಂಡವರೂ, 15 ಎಕರೆಗೆ ತಂತಿಬೇಲಿ ಹಾಕಿದವರೂ ಒಂದೇ ಪಟ್ಟಿಯಲ್ಲಿ ಬಂದರೆ, ಜೆಸಿಬಿ ಮೊದಲು ನುಗ್ಗುವುದು ಯಾರ ಹೊಲಕ್ಕೆ ಎಂಬುದು ಊರಿನವರಿಗೆ ಚೆನ್ನಾಗಿ ಗೊತ್ತು. ಮನವಿಯಲ್ಲಿ ಒತ್ತುವರಿಯ ವಿವರವನ್ನು ಯಾವ ಸರ್ವೆ ನಂಬರ್‌ನಲ್ಲಿ ಯಾರು, ಎಷ್ಟು, ಯಾವಾಗಿನಿಂದ ಎಂದು ಬಿಡಿಬಿಡಿಯಾಗಿ ಬರೆದರೆ ಈ ಇಬ್ಬರ ವ್ಯತ್ಯಾಸ ಕಡತದಲ್ಲೇ ಕಾಣುತ್ತದೆ.