ಹಳೆಯ ಫ್ರೇಮುಗಳಿಂದ ಹೊಸ ಸ್ಪಷ್ಟತೆ

4ಕೆ ಪರದೆಯ ಒಂದು ಫ್ರೇಮಿನಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿರುತ್ತವೆ. ಎಎಂಡಿ ಕಂಪನಿಯ ಎಫ್‌ಎಸ್‌ಆರ್ 2 ತಂತ್ರಜ್ಞಾನದ ‘ಕ್ವಾಲಿಟಿ’ ಮೋಡ್‌ನಲ್ಲಿ ಗೇಮ್ ನಿಜವಾಗಿ ಚಿತ್ರಿಸುವುದು 2560×1440 ಅಳತೆಯಲ್ಲಿ, ಅಂದರೆ ಸುಮಾರು 37 ಲಕ್ಷ ಪಿಕ್ಸೆಲ್‌ಗಳನ್ನು ಮಾತ್ರ. ಉಳಿದ ವಿವರ ಹಿಂದಿನ ಫ್ರೇಮುಗಳಿಂದ ಬರುತ್ತದೆ.

ಇದಕ್ಕಾಗಿ ಪ್ರತಿ ಫ್ರೇಮಿನಲ್ಲೂ ಕ್ಯಾಮೆರಾವನ್ನು ಒಂದು ಪಿಕ್ಸೆಲ್‌ಗಿಂತ ಕಡಿಮೆ ದೂರ ಅತ್ತಿತ್ತ ಸರಿಸಲಾಗುತ್ತದೆ. ಈ ಮೋಡ್‌ನಲ್ಲಿ ಅಂಥ 18 ಸ್ಥಾನಗಳು ಸರದಿಯಂತೆ ಬರುತ್ತವೆ. ಪ್ರತಿ ಸಲವೂ ದೃಶ್ಯದ ಬೇರೆ ಬೇರೆ ಬಿಂದುಗಳ ಬಣ್ಣ ಸಿಗುವುದರಿಂದ, ದೃಶ್ಯ ನಿಶ್ಚಲವಾಗಿದ್ದರೆ ಅವನ್ನೆಲ್ಲ ಕೂಡಿಸಿದರೆ ಸಾಕು, ಸೂಕ್ಷ್ಮ ಗೆರೆಗಳೂ ಮೂಡುತ್ತವೆ.

ವಸ್ತು ಚಲಿಸುವಾಗ ಮೋಷನ್ ವೆಕ್ಟರ್ ಬೇಕಾಗುತ್ತದೆ. ಈ ಪಿಕ್ಸೆಲ್‌ನಲ್ಲಿರುವ ಮೇಲ್ಮೈ ಹಿಂದಿನ ಫ್ರೇಮಿನಲ್ಲಿ ಎಲ್ಲಿತ್ತು ಎಂಬುದನ್ನು ಅದು ಹೇಳುತ್ತದೆ. ಕಾರಿನ ಬಾಗಿಲು ಬಲಕ್ಕೆ 12 ಪಿಕ್ಸೆಲ್ ಸರಿದಿದ್ದರೆ, 12 ಪಿಕ್ಸೆಲ್ ಎಡಕ್ಕಿರುವ ಹಳೆಯ ಬಣ್ಣವನ್ನು ತಂದು ಹೊಸದರೊಂದಿಗೆ ಬೆರೆಸಲಾಗುತ್ತದೆ.

ಆದರೆ ಕಾರು ಸರಿದಾಗ ಹಿಂದಿನ ಬೇಲಿ ಹೊಸದಾಗಿ ಕಾಣಿಸುತ್ತದೆ. ಅದಕ್ಕೆ ಹಳೆಯ ದಾಖಲೆಯೇ ಇಲ್ಲ. ಎರಡೂ ಫ್ರೇಮುಗಳ ಆಳವನ್ನು ಹೋಲಿಸಿ ಇದನ್ನು ಪತ್ತೆಹಚ್ಚಿ, ಕಾರಿನ ಬಣ್ಣವನ್ನು ಕೈಬಿಡಲಾಗುತ್ತದೆ. ಹಾಗಾಗಿ ಕೆಲವು ಫ್ರೇಮುಗಳ ಕಾಲ ಬೇಲಿ ಒರಟಾಗಿ ಕಾಣುತ್ತದೆ.

ಕಿಡಿ, ಹೊಗೆ, ಗಾಜಿನಂಥ ಅರೆಪಾರದರ್ಶಕ ವಸ್ತುಗಳಿಗೆ ಸಾಮಾನ್ಯವಾಗಿ ಸರಿಯಾದ ವೆಕ್ಟರ್ ಇರುವುದಿಲ್ಲ. ಆಗ ಹಳೆಯ ಬಣ್ಣ ತಪ್ಪು ಜಾಗದಲ್ಲಿ ಉಳಿದು, ಚಲಿಸುವ ಕಿಡಿಯ ಹಿಂದೆ ಮಸುಕಾದ ಬಾಲ ಕಾಣುತ್ತದೆ. ಇದನ್ನು ‘ಘೋಸ್ಟಿಂಗ್’ ಎನ್ನುತ್ತಾರೆ. ಇದನ್ನು ತಡೆಯಲು, ಅಂಥ ಜಾಗಗಳಲ್ಲಿ ಹಳೆಯ ಫ್ರೇಮುಗಳನ್ನು ಕಡಿಮೆ ನಂಬುವಂತೆ ಗೇಮ್ ತಯಾರಕರು ಗುರುತು ಹಾಕಿಕೊಡುತ್ತಾರೆ.