ಮುಚ್ಚಳ ತಿರುಗಿಸಿದರೆ ಉದುರುವ ಪ್ಲಾಸ್ಟಿಕ್

ಬಸ್ ಸ್ಟ್ಯಾಂಡಿನಲ್ಲಿ ನೀರಿನ ಬಾಟಲಿ ಕೊಳ್ಳುವವರು ಮೊದಲು ನೋಡುವುದು ಮುಚ್ಚಳದ ಸೀಲನ್ನು. ಸೀಲ್ ಒಡೆದಿಲ್ಲವೆಂದರೆ ನೀರು ಶುದ್ಧ ಎಂಬುದು ಎಲ್ಲರ ಲೆಕ್ಕ. ಅಮೆರಿಕದ ಫ್ರೆಡೋನಿಯಾದಲ್ಲಿರುವ ವಿಶ್ವವಿದ್ಯಾಲಯದ ವಿಜ್ಞಾನಿ ಶೆರಿ ಮೇಸನ್ ಮತ್ತು ಸಂಗಡಿಗರು 2018ರಲ್ಲಿ ಈ ಲೆಕ್ಕವನ್ನೇ ಪರೀಕ್ಷೆಗೆ ಒಡ್ಡಿದರು. ಭಾರತವೂ ಸೇರಿದಂತೆ 9 ದೇಶಗಳಿಂದ 259 ಬಾಟಲಿಗಳನ್ನು ತರಿಸಿಕೊಂಡು, ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುವ 'ನೈಲ್ ರೆಡ್' ಎಂಬ ಬಣ್ಣವನ್ನು ನೀರಿಗೆ ಬೆರೆಸಿದರು. ಆ ನೀರನ್ನು ಸೂಕ್ಷ್ಮ ಶೋಧಕದಲ್ಲಿ ಸೋಸಿ, ನೀಲಿ ಬೆಳಕು ಬಿಟ್ಟು ಕಿತ್ತಳೆ ಗಾಜಿನ ಮೂಲಕ ನೋಡಿದಾಗ ಶೋಧಕದ ಮೇಲೆ ಕಣಗಳು ಮಿನುಗುತ್ತಿದ್ದವು. ನೂರಕ್ಕೆ 93 ಬಾಟಲಿಗಳಲ್ಲಿ ಪ್ಲಾಸ್ಟಿಕ್ ಇತ್ತು. ಲೀಟರಿಗೆ ಸರಾಸರಿ 325 ಕಣ.

ಐದು ಮಿಲಿಮೀಟರಿಗಿಂತ ಸಣ್ಣ ಪ್ಲಾಸ್ಟಿಕ್ ಚೂರುಗಳನ್ನು ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ. ಕೆರೆ, ನದಿ, ಸಮುದ್ರಗಳಿಗೆ ಇವು ಬರುವ ದಾರಿಗಳು ಹಲವು: ವಾಷಿಂಗ್ ಮೆಷಿನ್ನಿನಲ್ಲಿ ಪಾಲಿಯೆಸ್ಟರ್ ಬಟ್ಟೆ ಬಿಡುವ ಎಳೆ, ರಸ್ತೆಯಲ್ಲಿ ಸವೆಯುವ ಟೈರು, ಬಿಸಿಲಿಗೆ ಪುಡಿಯಾಗುವ ಕ್ಯಾರಿಬ್ಯಾಗು. ಆದರೆ ಬಾಟಲಿ ನೀರಿನ ಕಥೆ ಬೇರೆ.

ಮೇಸನ್ ತಂಡಕ್ಕೆ ದೊಡ್ಡ ಕಣಗಳ ಪೈಕಿ ಹೆಚ್ಚಾಗಿ ಸಿಕ್ಕಿದ್ದು ಪಾಲಿಪ್ರೊಪಿಲೀನ್. ಬಾಟಲಿಯ ಮುಚ್ಚಳಕ್ಕೆ ಬಳಸುವ ಪ್ಲಾಸ್ಟಿಕ್ಕುಗಳಲ್ಲಿ ಇದೂ ಒಂದು. ಮರುವರ್ಷ ಇಟಲಿಯ ಸಂಶೋಧಕರು ಬಾಟಲಿಗಳನ್ನು ಮತ್ತೆ ಮತ್ತೆ ತೆರೆದು ಮುಚ್ಚಿ, ಕತ್ತನ್ನೂ ಮುಚ್ಚಳವನ್ನೂ ಸೂಕ್ಷ್ಮದರ್ಶಕದಡಿ ಇಟ್ಟರು. ತಿರುವಿದಷ್ಟೂ ತಿರುಪಿನ ಅಂಚು ಸವೆದು ಪುಡಿ ಹೆಚ್ಚುತ್ತಿತ್ತು. ಒಂದೇ ಬಾಟಲಿಯನ್ನು ತಿಂಗಳುಗಟ್ಟಲೆ ತುಂಬಿಸಿ ಬಳಸುವವರು ಗಮನಿಸಬೇಕಾದ ಸಂಗತಿಯಿದು.

2024ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ ಲೇಸರ್ ತಂತ್ರದಿಂದ ಇನ್ನೂ ಸಣ್ಣ ಕಣಗಳನ್ನು ಎಣಿಸಿದಾಗ ಸಂಖ್ಯೆ ಲೀಟರಿಗೆ ಸುಮಾರು 2,40,000ಕ್ಕೆ ಜಿಗಿಯಿತು. ಆರು ವರ್ಷದಲ್ಲಿ ನೀರು ಅಷ್ಟೊಂದು ಕೆಟ್ಟಿತೆಂದಲ್ಲ. ಉಪಕರಣದ ಕಣ್ಣು ಚುರುಕಾಯಿತು, ಅಷ್ಟೇ. ಹತ್ತರಲ್ಲಿ ಒಂಬತ್ತು ಪಾಲು ಒಂದು ಮೈಕ್ರೋಮೀಟರಿಗಿಂತ ಚಿಕ್ಕದಾದ ನ್ಯಾನೋ ಕಣಗಳು. ಹೆಚ್ಚು ಸಿಕ್ಕವುಗಳಲ್ಲಿ ನೈಲಾನ್ ಜಾತಿಯ ಪಾಲಿಅಮೈಡ್ ಒಂದು. ನೀರನ್ನು ಶುದ್ಧಮಾಡುವ ಆರ್‌ಒ ಪೊರೆಯಿಂದಲೇ ಅದು ಬಂದಿರಬಹುದೆಂದು ತಂಡ ಊಹಿಸಿತು. ಸೋಸುವ ಜರಡಿಯೇ ಉದುರಿದಂತೆ.

ಇದನ್ನು ಕುಡಿದರೆ ಏನಾಗುತ್ತದೆ? 'ವಾರಕ್ಕೊಂದು ಎಟಿಎಂ ಕಾರ್ಡಿನಷ್ಟು ಪ್ಲಾಸ್ಟಿಕ್ ತಿನ್ನುತ್ತೇವೆ' ಎಂಬ ಮಾತು ವಾಟ್ಸಾಪಿನಲ್ಲಿ ಈಗಲೂ ಓಡಾಡುತ್ತಿದೆ. 2019ರ ಆ ಅಂದಾಜು ಬಹಳ ಉಬ್ಬಿದ್ದೆಂದು ನಂತರದ ಲೆಕ್ಕಾಚಾರಗಳು ತೋರಿಸಿವೆ. ಅದನ್ನು ಮರೆಯುವುದೇ ಲೇಸು. 150 ಮೈಕ್ರೋಮೀಟರಿಗಿಂತ ದೊಡ್ಡ ಕಣಗಳು ಮೈಗೆ ಹತ್ತದೆ ಮಲದಲ್ಲಿ ಹೋಗುವ ಸಾಧ್ಯತೆಯೇ ಹೆಚ್ಚು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಚಿಂತೆಯಿರುವುದು ಕರುಳನ್ನು ದಾಟಬಲ್ಲ ಸಣ್ಣವುಗಳ ಬಗ್ಗೆ.

ಈವರೆಗಿನ ಗಟ್ಟಿ ಸುಳಿವು ಸಿಕ್ಕಿರುವುದು ಇಟಲಿಯ ವೈದ್ಯರಿಂದ. ಕುತ್ತಿಗೆಯ ರಕ್ತನಾಳದಲ್ಲಿ ಕಟ್ಟಿದ ಕೊಬ್ಬನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸಿಕೊಂಡ 257 ಮಂದಿಯನ್ನು ಅವರು ಸುಮಾರು 34 ತಿಂಗಳು ಗಮನಿಸಿದರು. 150 ಮಂದಿಯ ಕೊಬ್ಬಿನಲ್ಲಿ ಪಾಲಿಥೀನ್ ಇತ್ತು. ಪ್ಲಾಸ್ಟಿಕ್ ಸಿಕ್ಕವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ಉಳಿದವರಿಗಿಂತ ನಾಲ್ಕೂವರೆ ಪಟ್ಟು ಹೆಚ್ಚಿತ್ತು. 2024ರಲ್ಲಿ ಪ್ರಕಟವಾದ ಈ ವರದಿ ಎರಡೂ ಜೊತೆಗಿದ್ದವು ಎನ್ನುತ್ತದೆಯೇ ಹೊರತು ಪ್ಲಾಸ್ಟಿಕ್ಕೇ ಕಾರಣ ಎನ್ನುವುದಿಲ್ಲ. ಇಂಥ ಪರೀಕ್ಷೆಗಳಿಗೆ ಇನ್ನೊಂದು ತೊಡಕೂ ಇದೆ. ಮಾದರಿಯನ್ನು ಕಾಯಿಸಿ, ಹೊರಬರುವ ಅನಿಲದಿಂದ ಪ್ಲಾಸ್ಟಿಕ್ ಗುರುತಿಸುವಾಗ ದೇಹದ ಕೊಬ್ಬು ಕೂಡ ಪಾಲಿಥೀನಿನ ವೇಷ ಹಾಕಬಲ್ಲದು. ಆಪರೇಷನ್ ಥಿಯೇಟರಿನ ತುಂಬ ಪ್ಲಾಸ್ಟಿಕ್ ಇರುವುದರಿಂದ ಹೊರಗಿನ ಕಣ ಬೆರೆಯುವ ಭಯವೂ ಉಂಟು. ಕುಡಿಯುವ ನೀರಿನಲ್ಲಿ ಇಷ್ಟೇ ಕಣ ಇರಬಹುದೆಂಬ ಮಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಗೊತ್ತುಪಡಿಸದಿರುವುದು ಪುರಾವೆ ಸಾಲದ್ದಕ್ಕೇ.

ಅಲ್ಲಿಯವರೆಗೆ ಮಾಡಬಹುದಾದ ಒಂದು ಕೆಲಸ ನಮ್ಮ ಅಡುಗೆಮನೆಯಲ್ಲೇ ಇದೆ. ಚೀನಾದ ಗುವಾಂಗ್‌ಝೌ ನಗರದ ಸಂಶೋಧಕರು ಗಡಸು ನೀರಿಗೆ ಪ್ಲಾಸ್ಟಿಕ್ ಕಣ ಬೆರೆಸಿ ಐದು ನಿಮಿಷ ಕುದಿಸಿದರು. ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಸುಣ್ಣ ಇದೆಯಲ್ಲ, ಅದು ಹರಳುಗಟ್ಟುವಾಗ ಕಣಗಳನ್ನೂ ಒಳಗೆ ಸೆರೆಹಿಡಿಯಿತು. ಲೀಟರಿಗೆ 300 ಮಿಲಿಗ್ರಾಂ ಸುಣ್ಣದಂಶವಿದ್ದ ನೀರಿನಲ್ಲಿ ನೂರಕ್ಕೆ 90ರಷ್ಟು ಕಣ ಹೋದವು. ಮೆದು ನೀರಿನಲ್ಲಿ ಕಾಲುಭಾಗ ಮಾತ್ರ. ಹಾಗಾಗಿ ಸುಣ್ಣವನ್ನು ಮೊದಲೇ ತೆಗೆದುಬಿಡುವ ಆರ್‌ಒ ನೀರನ್ನು ಕುದಿಸಿದರೆ ಈ ಲಾಭ ಹೆಚ್ಚು ಸಿಗಲಾರದು. ಗಡಸು ನೀರನ್ನು ಚೆನ್ನಾಗಿ ಕುದಿಸಿ, ಆರಲು ಬಿಟ್ಟು, ತಳ ಕದಡದಂತೆ ಸೋಸಿ ಸ್ಟೀಲ್ ಪಾತ್ರೆಯಲ್ಲಿ ತುಂಬಿಡಿ. ಸೋಸುವ ಬಟ್ಟೆ ದಪ್ಪ ಹತ್ತಿಯದಾಗಿರಲಿ, ಪಾಲಿಯೆಸ್ಟರ್ ಬೇಡ. ಕೋಲಾರ, ಪಾವಗಡದ ಕಡೆಯವರಿಗೆ ಮಾತ್ರ ಒಂದು ಎಚ್ಚರಿಕೆ: ಅಲ್ಲಿನ ಕೊಳವೆಬಾವಿಗಳ ಫ್ಲೋರೈಡ್ ಎಷ್ಟು ಕುದಿಸಿದರೂ ಹೋಗುವುದಿಲ್ಲ, ಅದಕ್ಕೆ ಬೇರೆಯೇ ಶುದ್ಧೀಕರಣ ಬೇಕು.